ಕಥೆ ಸ್ವರದಲ್ಲಿದೆಯೇ, ಮುನ್ನುಡಿಯಲ್ಲಿದೆಯೇ?

ಪ್ರಶ್ನೆ: ಮಾತೇ ಇಲ್ಲದ ಸಿಂಫನಿಕ್ ಪೊಯೆಮ್ ನಿಜಕ್ಕೂ ಕಥೆ ಹೇಳುತ್ತದೆಯೇ?

ಉತ್ತರ: ಬಿರುಗಾಳಿಯನ್ನು ಕೇಳಿಸಬಲ್ಲದು, ಅದು ಯಾರ ಬದುಕಿನ ಬಿರುಗಾಳಿ ಎಂದು ಹೇಳಲಾರದು.

ಕವಿತೆಯನ್ನೋ ಚಿತ್ರವನ್ನೋ ಆಧರಿಸಿದ, ಸಾಮಾನ್ಯವಾಗಿ ಒಂದೇ ಭಾಗದ ಆರ್ಕೆಸ್ಟ್ರಾ ಕೃತಿಗೆ ಸಂಗೀತ ರಚನಕಾರ ಲಿಸ್ಟ್ ಸಿಂಫನಿಕ್ ಪೊಯೆಮ್ ಎಂಬ ಹೆಸರಿಟ್ಟ. 1854ರಲ್ಲಿ ವೈಮಾರ್‌ನಲ್ಲಿ ಮೊದಲು ನುಡಿಸಿದ ಅವನ ‘ಲೆ ಪ್ರೆಲ್ಯೂಡ್’ ಕೃತಿಯನ್ನೇ ನೋಡಿ. ಮುದ್ರಿತ ಪ್ರತಿಯ ಮುನ್ನುಡಿ ಲಾಮಾರ್ಟೀನನ ಕವಿತೆಯನ್ನು ನೆನೆದು, ಬದುಕೆಂಬುದು ಸಾವಿನ ಹಾಡಿಗೆ ಪೀಠಿಕೆಯಲ್ಲವೇ ಎಂದು ಕೇಳುತ್ತದೆ. ಪ್ರೇಮ, ಬಿರುಗಾಳಿ, ಹಳ್ಳಿಯ ನೆಮ್ಮದಿ, ಯುದ್ಧದ ಕರೆ ಎಲ್ಲವೂ ಅದಕ್ಕೆ ಒಪ್ಪುವಂತೆಯೇ ಕೇಳಿಸುತ್ತವೆ. ತಮಾಷೆಯೆಂದರೆ, ಆ ಸಂಗೀತ ಹುಟ್ಟಿದ್ದು ಓಟ್ರಾನ್ ಎಂಬ ಬೇರೊಬ್ಬ ಕವಿಯ ಸಾಲುಗಳಿಗೆ ಲಿಸ್ಟ್ ಬರೆದಿದ್ದ ಸಮೂಹಗೀತೆಗಳಿಂದ: ಭೂಮಿ, ಗಾಳಿ, ಅಲೆ, ನಕ್ಷತ್ರ.

ಅದೇ ವರ್ಷ ವಿಯೆನ್ನಾದ ವಿಮರ್ಶಕ ಹಾನ್ಸ್‌ಲಿಕ್ ಇಂಥದೇ ತಕರಾರು ತೆಗೆದ. ಗ್ಲುಕ್‌ನ ಆಪೆರಾದಲ್ಲಿ ಹೆಂಡತಿಯನ್ನು ಕಳೆದುಕೊಂಡ ಆರ್ಫಿಯಸ್ ಹಾಡುವ ಶೋಕಗೀತೆಗೆ ‘ಅವಳು ಸಿಕ್ಕಳು’ ಎಂಬ ಮಾತು ಕೂಡಿಸಿದರೂ ರಾಗ ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂಬುದು ಅವನ ವಾದ. ವೇಗ, ಏರಿಳಿತ, ಬಿರುಸನ್ನು ಸ್ವರ ತೋರಿಸಬಲ್ಲದೆಂದು ಅವನೂ ಒಪ್ಪಿದ್ದ. ಲಿಸ್ಟ್ ಪಕ್ಷದವರು ಮುನ್ನುಡಿ ಕೇಳುಗನಿಗೆ ಕೈಮರವಷ್ಟೇ ಎಂದರು. ಕೈಮರ ಬದಲಾದರೂ ದಾರಿ ಹೊಂದುತ್ತದಲ್ಲ ಎಂಬುದೇ ನನ್ನ ಅನುಮಾನ.