ಪುಕ್ಕಟೆ ಸರ್ಟಿಫಿಕೇಟಿಗೆ ಎಲ್ಲಿ ಬೆಲೆ ಇದೆ, ಎಲ್ಲಿ ಇಲ್ಲ

"ಮಗಳು ಬಿ.ಕಾಂ ಮುಗಿಸಿದ್ದಾಳೆ. ಗೂಗಲ್, ಹಬ್‌ಸ್ಪಾಟ್ ಅಂತ ಪುಕ್ಕಟೆ ಡಿಜಿಟಲ್ ಮಾರ್ಕೆಟಿಂಗ್ ಸರ್ಟಿಫಿಕೇಟ್ ಮೂರ್ನಾಲ್ಕು ತಗೊಂಡಿದ್ದಾಳೆ. ಕೆಲಸ ಕೊಡೋರು ಇದನ್ನ ಲೆಕ್ಕಕ್ಕೆ ತಗೋತಾರಾ? ನಮ್ಮಂಥ ಸಸಿ ನರ್ಸರಿಯವರು ನಂಬಿ ಕೆಲಸ ಒಪ್ಪಿಸ್ತಾರಾ?"

ಮೇಡಂ, ನೀವು ಕೇಳಿದ್ದಕ್ಕೆ ನನಗೆ ಗೊತ್ತಿರೋದು ಹೇಳ್ತೀನಿ. ನಾನು ಹುಬ್ಬಳ್ಳಿಯ ಒಂದು ಸಣ್ಣ ಏಜೆನ್ಸಿಯಲ್ಲಿ ಗೂಗಲ್ ಜಾಹೀರಾತು ನೋಡ್ಕೋತೀನಿ. ಹೊಸ ಹುಡುಗರನ್ನ ತಗೊಳ್ಳುವಾಗ ಮಾತಾಡಿಸೋದೂ ನನ್ನ ಕೆಲಸವೇ.

ನಿಮ್ಮ ಪ್ರಶ್ನೆಗೆ ಇಲ್ಲಿ ಅಣ್ಣಾವ್ರೊಬ್ಬರು "ಪುಕ್ಕಟೆದೆಲ್ಲಾ ಕಸ, ದುಡ್ಡು ಕೊಟ್ಟು ಇನ್‌ಸ್ಟಿಟ್ಯೂಟ್ ಸೇರಿಸಿ" ಅಂದಿದ್ದಾರೆ. ಅರ್ಧ ನಿಜ. ಆದರೆ ಗೂಗಲ್ ಆ್ಯಡ್ಸ್ ಸರ್ಟಿಫಿಕೇಟಿನ ವಿಷಯ ಬೇರೆ. ಏಜೆನ್ಸಿಯವರಿಗೆ "ಗೂಗಲ್ ಪಾರ್ಟ್‌ನರ್" ಅನ್ನೋ ಬ್ಯಾಡ್ಜ್ ಬೇಕು ಅಂದ್ರೆ, ಗಿರಾಕಿಗಳ ಜಾಹೀರಾತು ಖಾತೆ ನೋಡಿಕೊಳ್ಳುವವರಲ್ಲಿ ಕನಿಷ್ಠ ಅರ್ಧ ಜನರ ಹತ್ತಿರ ಈ ಸರ್ಟಿಫಿಕೇಟ್ ಇರಲೇಬೇಕು ಅಂತ ಗೂಗಲ್ ನಿಯಮ ಇದೆ. ಹಾಗಾಗಿ ಅಂಥ ಏಜೆನ್ಸಿಗೆ ಅರ್ಜಿ ಹಾಕಿದ್ರೆ ಅದು ನಿಜವಾಗಿ ಕೆಲಸಕ್ಕೆ ಬರುತ್ತೆ. ಸ್ಕಿಲ್‌ಶಾಪ್ ಅನ್ನೋ ಗೂಗಲ್‌ನ ಕಲಿಕೆ ಸೈಟಿನಲ್ಲಿ ಪರೀಕ್ಷೆ ಪುಕ್ಕಟೆ, ಪಾಸಾಗೋಕೆ ನೂರಕ್ಕೆ 80 ಬೇಕು, ಒಂದು ವರ್ಷ ಆದಮೇಲೆ ಮತ್ತೆ ಬರೀಬೇಕು. ಮಗಳ ಹತ್ತಿರ ಇರೋದರಲ್ಲಿ ಇದು ಇದೆಯಾ, ಅವಧಿ ಮುಗಿದಿದೆಯಾ ನೋಡಿ. ಹಬ್‌ಸ್ಪಾಟ್‌ದು ಓದೋಕೆ ಚೆನ್ನಾಗಿದೆ, ಆದರೆ ಈ ಅರ್ಧದ ಲೆಕ್ಕಕ್ಕೆ ಸೇರಲ್ಲ.

ಇನ್ನು ಅಣ್ಣಾವ್ರ ಮಾತಿನಲ್ಲಿ ನಿಜ ಇರೋ ಭಾಗ. ಪರೀಕ್ಷೆ ಮನೇಲೇ ಕೂತು ಬರೆಯೋದು, ಉತ್ತರಗಳು ನೆಟ್‌ನಲ್ಲೇ ಸಿಗುತ್ತವೆ. ಅದು ನಮಗೂ ಗೊತ್ತು. ಅದಕ್ಕೇ ಸರ್ಟಿಫಿಕೇಟ್ ನೋಡಿ ಒಳಗೆ ಕರೀತೀವಿ, ಆಮೇಲೆ ಲ್ಯಾಪ್‌ಟಾಪ್ ಮುಂದಿಟ್ಟು ಒಂದು ಖಾತೆ ತೋರಿಸಿ "ದುಡ್ಡು ಎಲ್ಲಿ ಸೋರ್ತಿದೆ ಹೇಳು" ಅಂತೀವಿ. ಬಹಳ ಜನ ಅಲ್ಲೇ ನಿಂತುಬಿಡ್ತಾರೆ.

ಇದನ್ನ ಕಲಿಯೋಕೆ ನಿಮ್ಮ ನರ್ಸರಿಯೇ ಸಾಕು. ದಿನಕ್ಕೆ 300 ರೂಪಾಯಿಯಂತೆ ಹತ್ತು ದಿನ ಮಗಳು ಕಾಳುಮೆಣಸಿನ ಸಸಿಗೆ ಜಾಹೀರಾತು ಹಾಕಲಿ. ಒಂದು ಕ್ಲಿಕ್ಕಿಗೆ 6 ರೂಪಾಯಿ ಬಿತ್ತು ಅಂದ್ಕೊಳ್ಳಿ, 3000ಕ್ಕೆ 500 ಕ್ಲಿಕ್. ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕು ಅಂತ ಕೊಡೋ ಕೀವರ್ಡನ್ನ nursery near me ಅಂತ ಸಡಿಲವಾಗಿ ಬಿಟ್ಟಿದ್ರೆ, ಮಕ್ಕಳನ್ನ ನರ್ಸರಿ ಶಾಲೆಗೆ ಸೇರಿಸೋಕೆ ಹುಡುಕುವವರೂ ಒತ್ತುತ್ತಾರೆ. ಐನೂರರಲ್ಲಿ ಇನ್ನೂರು ಅಂಥವು ಅಂದ್ರೆ 1200 ರೂಪಾಯಿ ಹೋಯ್ತು. ಇದು ಗೊತ್ತಾಗೋದು Search terms ಅನ್ನೋ ಪುಟದಲ್ಲಿ, ಜನ ನಿಜವಾಗಿ ಏನು ಟೈಪ್ ಮಾಡಿದ್ರು ಅಂತ ಅಲ್ಲಿ ಸಾಲುಸಾಲಾಗಿ ಇರುತ್ತೆ. ಎರಡನೇ ದಿನವೇ ಆ ಪುಟ ತೆರೆದು ನೋಡಿ school, schools, admission, fees, ಶಾಲೆ ಇವನ್ನೆಲ್ಲ ನೆಗೆಟಿವ್ ಕೀವರ್ಡ್‌ಗೆ, ಅಂದ್ರೆ ಈ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅನ್ನೋ ಪಟ್ಟಿಗೆ ಹಾಕಬೇಕು. ಏಕವಚನ ಹಾಕಿದ್ರೆ ಬಹುವಚನ ತಾನಾಗಿ ನಿಲ್ಲಲ್ಲ, ಎರಡೂ ಬೇಕು.

ಇನ್ನೊಂದು ಸೋರಿಕೆ ಊರಿನದ್ದು. ಜಿಲ್ಲೆ ಆರಿಸಿದ್ರೂ ಗೂಗಲ್ ಮೊದಲೇ Presence or interest ಅಂತ ಇಟ್ಟಿರುತ್ತೆ, ಅಂದ್ರೆ ನಿಮ್ಮ ಊರಿನ ಬಗ್ಗೆ ಆಸಕ್ತಿ ತೋರಿಸಿದ ಮುಂಬೈಯವರಿಗೂ ಜಾಹೀರಾತು ಹೋಗಬಹುದು. ಸಸಿ ಒಯ್ಯೋಕೆ ಅವರು ಬರಲ್ಲವಲ್ಲ. Presence ಮಾತ್ರ ಇಡಬೇಕು.

ಇಷ್ಟು ಮಾಡಿ, ಮೊದಲ ದಿನದ ಮತ್ತು ಹತ್ತನೇ ದಿನದ Search terms ಸ್ಕ್ರೀನ್‌ಶಾಟ್, ಎಷ್ಟು ಫೋನ್ ಬಂತು, ಎಷ್ಟು ಸಸಿ ಹೋಯ್ತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಸಂದರ್ಶನದಲ್ಲಿ ನಾನು ಮೊದಲು ಓದೋದು ಆ ಹಾಳೆಯನ್ನ. ಜಾಹೀರಾತು ಸೋತಿದ್ರೂ ಪರವಾಗಿಲ್ಲ, ಯಾಕೆ ಸೋತಿತು ಅಂತ ಹೇಳೋಕೆ ಬಂದ್ರೆ ಆಯ್ತು.

ಗಿರಾಕಿಗಳ ವಿಷಯಕ್ಕೆ ಬಂದ್ರೆ, ನರ್ಸರಿ, ಹೋಮ್‌ಸ್ಟೇ ನಡೆಸುವವರು ಯಾರೂ ನನ್ನ ಹತ್ತಿರ ಸರ್ಟಿಫಿಕೇಟ್ ಕೇಳಿದ್ದಿಲ್ಲ. "ಯಾರಿಗೆ ಮಾಡಿಕೊಟ್ಟಿದ್ದೀರಿ, ಅವರ ನಂಬರ್ ಕೊಡಿ" ಅಂತಾರೆ. ನಮ್ಮ ಏಜೆನ್ಸಿಯಲ್ಲೇ ಇದಕ್ಕೆ ಒಪ್ಪದವರಿದ್ದಾರೆ. ಹೊರದೇಶದ ಗಿರಾಕಿಗಳು ಮೊದಲ ಸಲ ಮಾತಾಡುವಾಗ ನೋಡ್ತಾರೆ ಅಂತ ನನ್ನ ಜೊತೆಯವರು ವಾದ ಮಾಡ್ತಾರೆ. ಇರಬಹುದು.

 

ಮೇಡಂ, ಇನ್‌ಸ್ಟಿಟ್ಯೂಟಿಗೆ ಸೇರಿಸೋದೇ ಆದ್ರೆ ಫೀಸ್ ಕಟ್ಟೋ ಮುಂಚೆ ಒಂದು ಕೇಳಿ: ನಿಜವಾದ ದುಡ್ಡು ಓಡುವ ಖಾತೆಯನ್ನ ಮಗಳ ಕೈಗೆ ಕೊಡ್ತಾರಾ, ಇಲ್ಲಾ ಬರೀ ಸ್ಲೈಡ್ ತೋರಿಸ್ತಾರಾ ಅಂತ. ಮತ್ತೆ ನರ್ಸರಿಯ ಆ್ಯಡ್ಸ್ ಖಾತೆ ನಿಮ್ಮ ಮೇಲ್‌ನಲ್ಲೇ ತೆರೆಯಿರಿ, ಮಗಳಿಗೆ ಅದರಲ್ಲಿ ಆ್ಯಕ್ಸೆಸ್ ಕೊಡಿ. ಮುಂದೆ ಬೇರೆ ಗಿರಾಕಿ ಸಿಕ್ಕಾಗಲೂ ಅವಳು ಹೀಗೇ ಮಾಡಲಿ. ಖಾತೆ ಗಿರಾಕಿಯ ಹೆಸರಲ್ಲಿ ಇದ್ರೆ, ನಾಳೆ ಅವಳು ಕೆಲಸ ಬಿಟ್ಟರೂ ಹಳೇ ಲೆಕ್ಕವೆಲ್ಲ ಅವರ ಹತ್ತಿರವೇ ಉಳಿಯುತ್ತೆ. ಮುಂಗಾರಿಗೆ ಮುಂಚೆ ಸಸಿ ಕೇಳೋರು ಹೆಚ್ಚು, ಏಪ್ರಿಲ್ ಕೊನೆಗೆ ಶುರು ಮಾಡಿದ್ರೆ ಒಳ್ಳೇದು.