ಓದದ ಮೇಲ್, ಮೆಸೇಜ್ ನೋಡಿದರೆ ಎದೆ ಹೊಡೆದುಕೊಳ್ಳುವುದಕ್ಕೆ ಏನು ಮಾಡಬಹುದು?

ಪ್ರಶ್ನೆ: ಮೇಲ್, ವಾಟ್ಸಾಪ್ ತೆರೆಯೋಕೇ ಭಯ ಆಗುತ್ತೆ. ನೂರಾರು ಓದದೆ ಬಿದ್ದಿವೆ. ತೆರೆದ ತಕ್ಷಣ ಎದೆ ಹೊಡ್ಕೊಳ್ಳುತ್ತೆ, ಮುಚ್ಚಿಬಿಡ್ತೀನಿ. ದಿನಾ ಮಾಡೋ ಅಂಥ ಸಣ್ಣ ರೂಢಿ ಏನಾದ್ರೂ ಇದೆಯಾ?

ಉತ್ತರ:

ನಾನು ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿ. ಈ ತೊಂದರೆ ಹೇಳಿಕೊಂಡು ಬರುವವರು ನನಗೆ ಹೊಸಬರಲ್ಲ.

ನಿಮ್ಮ ಪ್ರಶ್ನೆಯಲ್ಲೇ ಮುಖ್ಯ ವಿಷಯ ಇದೆ: 'ಮುಚ್ಚಿಬಿಡ್ತೀನಿ'. ಮುಚ್ಚಿದ ಕೂಡಲೇ ಒಂದು ನೆಮ್ಮದಿ ಸಿಗುತ್ತದೆ, ಅಲ್ವಾ? ಭಯವನ್ನು ಬೆಳೆಸುವುದು ಆ ನೆಮ್ಮದಿಯೇ. 'ತಪ್ಪಿಸಿಕೊಂಡೆ, ಅದಕ್ಕೇ ಉಳಿದೆ' ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಗಾಬರಿ ಎಬ್ಬಿಸುತ್ತದೆ. ಜೊತೆಗೆ, ಸಾಲಕ್ಕೆ ಬಡ್ಡಿ ಏರುವ ಹಾಗೆ, ತಡವಾದಷ್ಟೂ ಕೊಡಬೇಕಾದ ಉತ್ತರ ದೊಡ್ಡದಾಗುತ್ತಾ ಹೋಗುತ್ತದೆ. ಎರಡು ಸಾಲಿನಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ ಕಾರಣ, ಕ್ಷಮೆ, ವಿವರಣೆ ಎಲ್ಲ ಬೇಕು ಅನ್ನಿಸುತ್ತದೆ.

ಹಾಗಾಗಿ ಇನ್‌ಬಾಕ್ಸ್ ಖಾಲಿ ಮಾಡುವುದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಒಂದು ಮೆಸೇಜನ್ನು ತೆರೆದು, ಗಾಬರಿ ಸ್ವಲ್ಪ ಇಳಿಯುವ ತನಕ ಅದರ ಮುಂದೆ ಕೂತಿರುವುದೇ ಗುರಿ. 'ಭಾನುವಾರ ಕೂತು ಎಲ್ಲ ಮುಗಿಸ್ತೀನಿ' ಅನ್ನುವ ಯೋಜನೆ ಯಾಕೆ ಕೈಕೊಡುತ್ತದೆ ಗೊತ್ತಾ? ಒಂದೇ ಉಸಿರಿಗೆ ಎಲ್ಲ ಓದುತ್ತೀರಿ, ಎರಡು ಮೂರಕ್ಕೆ ಉತ್ತರಿಸಿ ಸುಸ್ತಾಗುತ್ತೀರಿ. ಉಳಿದವುಗಳಿಗೆ ಈಗ ನೀಲಿ ಗೆರೆ ಬಿದ್ದಿರುತ್ತದೆ. 'ಓದಿಯೂ ಉತ್ತರಿಸಲಿಲ್ಲ' ಅನ್ನುವ ಹೊಸ ಭಾರ ಸೇರಿಕೊಳ್ಳುತ್ತದೆ. Mark as unread ಒತ್ತಿದರೂ ಆ ನೀಲಿ ಗೆರೆ ಹೋಗುವುದಿಲ್ಲ.

ಮೊದಲ ದಿನ ಏನನ್ನೂ ತೆರೆಯಬೇಡಿ. ಕಂಪ್ಯೂಟರಿನಲ್ಲಿ ಜೀಮೇಲ್ ಹುಡುಕುವ ಜಾಗದಲ್ಲಿ ಇದನ್ನು ಹಾಕಿ:

```
in:inbox is:unread older_than:3m
```

ಮೂರು ತಿಂಗಳಿಗಿಂತ ಹಳೆಯ, ಓದದ ಮೇಲ್‌ಗಳು ಬರುತ್ತವೆ. ಕಳಿಸಿದವರ ಹೆಸರಿನ ಮೇಲೆ ಮಾತ್ರ ಕಣ್ಣಾಡಿಸಿ. ಬಹುಪಾಲು ಬ್ಯಾಂಕು, ಓಟಿಪಿ, ಆಫರು, ಡೆಲಿವರಿಯವು ಇರುತ್ತವೆ. ಮನುಷ್ಯರು ಬರೆದದ್ದು ಕಂಡರೆ ಆ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಎಲ್ಲವನ್ನೂ ಆಯ್ದು Archive ಮಾಡಿ. ಯಾವುದೂ ಅಳಿಸಿಹೋಗುವುದಿಲ್ಲ, All Mail ಒಳಗೆ ಇರುತ್ತದೆ, ಹುಡುಕಿದರೆ ಸಿಗುತ್ತದೆ. ವಾಟ್ಸಾಪಿನಲ್ಲೂ ಪಟ್ಟಿಯನ್ನು ನೋಡಿ, ನಿಜವಾಗಿ ನಿಮ್ಮ ಉತ್ತರಕ್ಕೆ ಕಾಯುತ್ತಿರುವವರ ಹೆಸರು ಅದೇ ಕಾಗದಕ್ಕೆ ಸೇರಿಸಿ. ನೂರಾರು ಅನ್ನುವ ಅಂಕಿ ಸಾಮಾನ್ಯವಾಗಿ ಹತ್ತೋ ಹದಿನೈದೋ ಹೆಸರಿಗೆ ಇಳಿಯುತ್ತದೆ. ಪ್ರತಿ ಹೆಸರಿನ ಮುಂದೆ ಎಷ್ಟು ಭಯ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹಾಕಿ. ಶುರು ಮಾಡಬೇಕಾದದ್ದು ಮೂರು, ನಾಲ್ಕು ಅಂಕದವರಿಂದ. ಒಂದು ಅಂಕದ್ದರಿಂದ ಏನೂ ಕಲಿಯುವುದಿಲ್ಲ, ಒಂಬತ್ತರದ್ದು ಮೊದಲ ದಿನಕ್ಕೆ ಜಾಸ್ತಿ.

ಮರುದಿನದಿಂದ ದಿನಕ್ಕೆ ಹದಿನೈದು ನಿಮಿಷ, ಒಂದೇ ಹೊತ್ತಿಗೆ. ಬೆಳಗಿನ ಕಾಫಿ ಆದ ಮೇಲೆ ಒಳ್ಳೆಯದು. ಮಲಗುವ ಮುಂಚೆ ಬೇಡವೇ ಬೇಡ.

ಅದು ಹೇಗೆ ನಡೆಯುತ್ತದೆ ಎಂದು ಒಬ್ಬ ಹುಡುಗಿಯ ಉದಾಹರಣೆಯಲ್ಲಿ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಬನಶಂಕರಿಗೆ ಬಂದಿದ್ದಳು. ಹಳೇ ಓನರ್ ಅಂಕಲ್ ಕಳಿಸಿದ ಮೆಸೇಜು ವಾರಗಟ್ಟಲೆ ಹಾಗೇ ಇತ್ತು. 'ಗೀಸರ್ ವಿಷಯ ಮಾತಾಡ್ಬೇಕಿತ್ತು' ಅನ್ನುವಷ್ಟು ಮಾತ್ರ ಹೊರಗೆ ಕಾಣುತ್ತಿತ್ತು. ಅಡ್ವಾನ್ಸ್ ಹಣ ಬರಬೇಕಿತ್ತು, ಆದರೂ ತೆರೆಯಲು ಆಗುತ್ತಿರಲಿಲ್ಲ.

ತೆರೆಯುವ ಮುಂಚೆ, ಒಳಗೆ ಏನಿದೆ ಎಂದು ಅವಳಿಗೆ ಅನ್ನಿಸುತ್ತದೋ ಅದನ್ನು ಬರೆಯಲು ಹೇಳಿದೆ. 'ಬೈದಿರ್ತಾರೆ. ಅಡ್ವಾನ್ಸ್ ಪೂರ್ತಿ ಹಿಡ್ಕೊಳ್ತಾರೆ' ಎಂದು ಬರೆದಳು. ಆಮೇಲೆ ಎರಡೂ ಪಾದ ನೆಲಕ್ಕೆ ಊರಿ, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತಾ ತೆರೆದಳು. ಉಸಿರಿನ ಮಾತು ಸುಮ್ನೆ ಹೇಳುತ್ತಿಲ್ಲ. ಮೇಲ್ ನೋಡುವಾಗ ಜನ ಗೊತ್ತಿಲ್ಲದೆ ಉಸಿರು ಬಿಗಿ ಹಿಡಿಯುವುದನ್ನು ಗಮನಿಸಿದ, ಹಿಂದೆ ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡಿದ್ದ ಲಿಂಡಾ ಸ್ಟೋನ್ ಅದಕ್ಕೆ 'ಈಮೇಲ್ ಆಪ್ನಿಯಾ' ಎಂದು ಹೆಸರಿಟ್ಟರು. ನೀವೂ ಒಮ್ಮೆ ಗಮನಿಸಿ ನೋಡಿ.

ಒಳಗೆ ಇದ್ದದ್ದು ಇಷ್ಟು: ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆ, ಗೀಸರ್ ರಿಪೇರಿಗೆ ಮೂರು ಸಾವಿರ, ಉಳಿದದ್ದು ಹಾಕಲು ಅಕೌಂಟ್ ನಂಬರ್ ಕಳಿಸಮ್ಮ. ಪೂರ್ತಿ ಸಿಹಿ ಸುದ್ದಿಯಲ್ಲ. ಆದರೆ ಕಾಗದದಲ್ಲಿ ಬರೆದದ್ದೂ ಇದೂ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಕಣ್ಣಾರೆ ನೋಡುವುದಕ್ಕೇ ಮೊದಲು ಬರೆದುಕೊಳ್ಳುವುದು.

ಅವಳು ಬರೆದ ಮೊದಲ ಉತ್ತರ ಪುಟದಷ್ಟಿತ್ತು. ಜ್ವರ, ಆಫೀಸು, ಮನೆ ಬದಲಿಸಿದ ಗಡಿಬಿಡಿ, ಎಲ್ಲ ಇತ್ತು. ಅದನ್ನೆಲ್ಲ ತೆಗೆಸಿದೆ. ಉದ್ದದ ಕ್ಷಮೆ ಬರೆಯುವುದರಲ್ಲೇ ಇರುವ ಶಕ್ತಿ ಹೋಗುತ್ತದೆ, ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಕಳಿಸಿದ್ದು ಇದು:

'ನಮಸ್ಕಾರ ಅಂಕಲ್, ಉತ್ತರ ತಡವಾಯಿತು, ಕ್ಷಮಿಸಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಿರಿ, ಒಪ್ಪಿಗೆ ಇದೆ. ಗೀಸರ್ ಬಿಲ್ ಕಳಿಸಿ, ನೋಡಿ ಶನಿವಾರ ಹೇಳ್ತೀನಿ. ಅಕೌಂಟ್ ನಂಬರ್ ಕೆಳಗಿದೆ.'

ಕ್ಷಮೆ ಒಂದೇ ಸಲ. ಗೊತ್ತಿರುವುದಕ್ಕೆ ಉತ್ತರ. ಗೊತ್ತಿಲ್ಲದ್ದಕ್ಕೆ ಒಂದು ದಿನ. ಆ ಶನಿವಾರವನ್ನು ಕೂಡಲೇ ಫೋನಿನ ಕ್ಯಾಲೆಂಡರಿಗೆ ಹಾಕಿಸಿದೆ. ಹಾಕದಿದ್ದರೆ 'ಆಮೇಲೆ ಹೇಳ್ತೀನಿ' ಅನ್ನುವುದೇ ಇನ್ನೊಂದು ಬಾಕಿಯಾಗಿ ಕೂರುತ್ತದೆ.

ಕಳಿಸಿದ ಮೇಲೆ ಸಾಮಾನ್ಯವಾಗಿ ಎರಡು ಕಡೆ ಜಾರುತ್ತಾರೆ. ಒಂದು, ಕಳಿಸಿದ್ದನ್ನೇ ಮತ್ತೆ ಮತ್ತೆ ಓದುವುದು. ಇನ್ನೊಂದು, 'ಬೇಜಾರಾಗಿಲ್ಲ ತಾನೇ?' ಎಂದು ಹಿಂದೆಯೇ ಮತ್ತೊಂದು ಮೆಸೇಜು ಹಾಕುವುದು. ಎರಡೂ ಮುಚ್ಚಿಬಿಡುವುದರ ತಮ್ಮಂದಿರೇ. ಕ್ಷಣದ ನೆಮ್ಮದಿ ಕೊಟ್ಟು ಭಯವನ್ನು ಉಳಿಸುತ್ತವೆ. ಆಫೀಸ್ ಮೇಲ್ ಆದರೆ ಜೀಮೇಲ್ ಸೆಟ್ಟಿಂಗಿನಲ್ಲಿ Undo Send ಅನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. ಒಂದು ಸಲ ಓದಿ ಕಳಿಸಿ, ಆ 30 ಸೆಕೆಂಡು ಮುಗಿದ ಮೇಲೆ ಫೋನ್ ಕೆಳಗಿಟ್ಟು ಎದ್ದುಬಿಡಿ. ವಾಟ್ಸಾಪಿನಲ್ಲಿ ನೀಲಿ ಗೆರೆ ಆಫ್ ಮಾಡಬಹುದಾ ಎಂದೂ ಕೇಳುತ್ತಾರೆ. ಶುರುವಿನಲ್ಲಿ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಗ್ರೂಪುಗಳಲ್ಲಿ ಅದು ನಡೆಯುವುದಿಲ್ಲ, ಮತ್ತು ಅದರಿಂದ ಉತ್ತರ ಬರೆದ ಹಾಗೆ ಆಗುವುದಿಲ್ಲ.

'ಇಷ್ಟು ಹೊತ್ತಿಗೆ ಅವರು ಸಿಟ್ಟಾಗಿರ್ತಾರೆ' ಅನ್ನಿಸುವುದರ ಬಗ್ಗೆ ಒಂದು ಮಾತು. ಲಾರಾ ಜರ್ಜ್ ಮತ್ತು ವನೆಸ್ಸಾ ಬಾನ್ಸ್ 2021ರಲ್ಲಿ ಇದರ ಮೇಲೆ ಸಂಶೋಧನೆ ಪ್ರಕಟಿಸಿದರು. ತುರ್ತಲ್ಲದ ಆಫೀಸ್ ಮೇಲ್‌ಗೆ ಕಳಿಸಿದವರು ಎಷ್ಟು ಬೇಗ ಉತ್ತರ ಬಯಸುತ್ತಾರೋ, ಅದಕ್ಕಿಂತ ಬೇಗ ಬಯಸುತ್ತಾರೆ ಎಂದು ಪಡೆದವರು ಅಂದುಕೊಳ್ಳುತ್ತಾರೆ. 'ಇದು ತುರ್ತಲ್ಲ' ಎಂದು ಕಳಿಸುವವರೇ ಒಂದು ಸಾಲು ಸೇರಿಸಿದರೆ ಆ ಒತ್ತಡ ಇಳಿಯುತ್ತದೆ. ನೀವು ಬೇರೆಯವರಿಗೆ ಬರೆಯುವಾಗಲೂ ಆ ಸಾಲು ಹಾಕಿ. ನಿಮ್ಮ ಹಾಗೆ ಫೋನ್ ನೋಡಿ ಹೆದರುವವರು ಆ ಕಡೆಯೂ ಇರಬಹುದು.

ರೂಢಿ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಓದದ ಮೆಸೇಜಿನ ಅಂಕಿ ನೋಡಬೇಡಿ, ಕಾಗದದ ಮೇಲಿನ ಭಯದ ಅಂಕ ನೋಡಿ. ಎರಡು ಮೂರು ವಾರದಲ್ಲಿ ಏಳು ಇದ್ದದ್ದು ಐದಕ್ಕೆ ಬಂದರೂ ದಾರಿ ಸರಿಯಿದೆ. ಸ್ವಲ್ಪವೂ ಇಳಿಯದಿದ್ದರೆ, ನಿದ್ದೆ, ಊಟ, ಸ್ನಾನದಂಥವೂ ತಪ್ಪುತ್ತಿದ್ದರೆ, ಉಸಿರುಗಟ್ಟಿದ ಹಾಗೆ ಗಾಬರಿ ಬರುತ್ತಿದ್ದರೆ, ಇದು ಬರೀ ಮೆಸೇಜಿನ ಮಾತಲ್ಲ. ಆಗ ಒಬ್ಬರೇ ಹೆಣಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ನೇರವಾಗಿ ವೈದ್ಯರನ್ನೇ ಕಾಣಬೇಕು ಅನ್ನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಆ ಕಾಗದವನ್ನೂ ಜೊತೆಗೆ ಒಯ್ಯಿರಿ, ಎಲ್ಲಿಂದ ಶುರು ಮಾಡಲಿ ಎಂದು ತಡಕಾಡುವುದು ತಪ್ಪುತ್ತದೆ.