‘ಎದೆ ಅಳತೆ ಕಳಿಸಿ’ ಅಂದರೆ ಯಾವ ಎದೆ? ಮೈಯದಾ, ಬ್ಲೌಸಿನದಾ?

“ಆನ್‌ಲೈನಲ್ಲಿ ಬ್ಲೌಸ್ ಆರ್ಡರ್ ತಗೊಳ್ಳೋಕೆ ಶುರು ಮಾಡ್ತಿದ್ದೀನಿ. ಹೀಗೆ ಹಾಕಿದ್ದೀನಿ: ‘ಎದೆ, ಸೊಂಟ, ಉದ್ದ, ತೋಳಿನ ಅಳತೆ ಕಳಿಸಿ. 5 ದಿನದಲ್ಲಿ ರೆಡಿ. ಆಲ್ಟರೇಷನ್ ಫ್ರೀ.’ ಇಷ್ಟು ಸಾಕಾ?”

ಸಾಲದು. ನಾನೂ ಮನೆಯಲ್ಲಿ ಹೊಲಿಯಲು ಶುರು ಮಾಡಿದಾಗ ಹೆಚ್ಚುಕಡಿಮೆ ಇದೇ ಮೂರು ಸಾಲು ಹಾಕಿದ್ದೆ. ಅದಕ್ಕೇ ನಿಮ್ಮ ಪೋಸ್ಟ್ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಇಲ್ಲಿ ಎಲ್ಲರೂ 5 ದಿನದ ಬಗ್ಗೆಯೇ ಮಾತಾಡುತ್ತಿದ್ದಾರೆ. ನನಗೆ ಭಯ ಆಗಿದ್ದು ಮೊದಲ ಸಾಲು ನೋಡಿ. ‘ಎದೆ’ ಅಂದಿದ್ದೀರಿ, ಯಾವುದರದು ಅಂತ ಹೇಳಿಲ್ಲ.

ಪುಣೆಯಲ್ಲಿರುವ ನಮ್ಮ ಕಡೆಯವರೊಬ್ಬರು ಗೃಹಪ್ರವೇಶಕ್ಕೆ ಅಂತ ಮೂರು ರೇಷ್ಮೆ ಬ್ಲೌಸ್ ಪೀಸ್ ಕೊರಿಯರ್ ಮಾಡಿದ್ದರು. ಚೀಟಿಯಲ್ಲಿ ‘ಎದೆ 36’ ಅಂತ ಇತ್ತು. ಮೈ ಅಳತೆ ಅಂದುಕೊಂಡೆ. ಲೂಸಿಗೆ 2 ಇಂಚು ಸೇರಿಸಿ 38ಕ್ಕೆ ಕತ್ತರಿಸಿದೆ, ಮೂರನ್ನೂ ಒಟ್ಟಿಗೆ. ಅವರು ಅಳೆದಿದ್ದು ತಮ್ಮ ಹಳೆ ಬ್ಲೌಸನ್ನು. ಮೈ ಅಳತೆ ಇದ್ದದ್ದು ಮೂವತ್ತನಾಲ್ಕೂವರೆ. ಅಂದರೆ ಒಂದೂವರೆ ಇಂಚು ಲೂಸ್ ಇರಬೇಕಾದ ಕಡೆ ಮೂರೂವರೆ ಇಂಚು.

ಬದಿ ಹಿಡಿದರೆ ಆಯ್ತು, ಅಲ್ವಾ? ನಾನೂ ಹಾಗೇ ಅಂದುಕೊಂಡು ವಾಪಸ್ ತರಿಸಿ ಎರಡೂ ಬದಿ ಹಿಡಿದು ಕಳಿಸಿದೆ. ಸುತ್ತಳತೆ ಸರಿಯಾಯಿತು, ಬ್ಲೌಸ್ ಸರಿಯಾಗಲಿಲ್ಲ. ಆಗ ನಾನು ಭುಜ, ಕಂಕುಳು, ಕುತ್ತಿಗೆಯ ಅಗಲ, ಟಕ್ಸ್ ಪಾಯಿಂಟ್ ಎಲ್ಲವನ್ನೂ ಎದೆ ಅಳತೆಯಿಂದಲೇ ಲೆಕ್ಕ ಹಾಕಿ ಗೆರೆ ಹಾಕುತ್ತಿದ್ದೆ. ಎದೆ ತಪ್ಪಿದ ಮೇಲೆ ಎಲ್ಲವೂ ತಪ್ಪಿತ್ತು. ಭುಜ ಜಾರುತ್ತಿತ್ತು. ಕಂಕುಳು ಕೆಳಗೆ ಇಳಿದಿದ್ದರಿಂದ ಕೈ ಎತ್ತಿದರೆ ಇಡೀ ಬ್ಲೌಸ್ ಮೇಲೆ ಬರುತ್ತಿತ್ತು. ಟಕ್ಸ್ ತುದಿ ಎದೆಯ ಮೇಲೆ ಕೂರದೆ ಪಕ್ಕಕ್ಕೆ ಹೋಗಿತ್ತು. ಇವು ಯಾವುವೂ ಬದಿ ಹಿಡಿದರೆ ಹೋಗುವ ರೋಗ ಅಲ್ಲ. ಕೊನೆಗೆ ಒಂದಕ್ಕೆ ನನ್ನ ಕೈಯಿಂದಲೇ ಹೊಸ ಬಟ್ಟೆ ತಂದು ಹೊಲಿದುಕೊಟ್ಟೆ. ಉಳಿದೆರಡರ ಕೂಲಿ ಬಿಟ್ಟೆ.

ಮೇಲೆ ಒಬ್ಬರು ‘ಎದೆ ಒಂದಿದ್ದರೆ ಸಾಕು, ಉಳಿದದ್ದು ಫಾರ್ಮುಲಾದಲ್ಲಿ ಬರುತ್ತೆ’ ಅಂತ ಬರೆದಿದ್ದಾರೆ. ಗಿರಾಕಿ ಎದುರಿಗೆ ನಿಂತಿದ್ದು, ಟ್ರಯಲ್ ನೋಡಲು ಆಗುತ್ತದೆ ಅಂದರೆ ಒಪ್ಪುತ್ತೇನೆ. ಕೊರಿಯರ್ ಆರ್ಡರಿಗೆ ನಡೆಯಲ್ಲ. 38 ಎದೆಯ ಇಬ್ಬರಲ್ಲಿ ಒಬ್ಬರಿಗೆ ಬೆನ್ನು ಅಗಲ ಇರುತ್ತದೆ, ಇನ್ನೊಬ್ಬರಿಗೆ ಬೆನ್ನು ಸಣ್ಣ, ಮುಂದೆ ತುಂಬಿರುತ್ತದೆ. ಫಾರ್ಮುಲಾಕ್ಕೆ ಇದು ಗೊತ್ತಾಗಲ್ಲ.

ಅದಕ್ಕೇ ಈಗ ನಾನು ಮೈ ಅಳತೆ ಕೇಳುವುದನ್ನೇ ಬಿಟ್ಟಿದ್ದೇನೆ. ಚೆನ್ನಾಗಿ ಕೂರುವ ಒಂದು ಅಳತೆ ಬ್ಲೌಸ್ ಬಟ್ಟೆಯ ಜೊತೆಗೇ ಕಳಿಸಿ ಅನ್ನುತ್ತೇನೆ. ಕಳಿಸಲು ಆಗದವರಿಗೆ ಆ ಬ್ಲೌಸನ್ನೇ ಅಳೆಯಲು ಹೇಳುತ್ತೇನೆ. ಅಳೆಯುವ ರೀತಿಯನ್ನೂ ಬರೆದೇ ಬಿಡಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ಅಳೆಯುತ್ತಾರೆ. ಹಾಸಿಗೆ ಮೇಲೆ ಬೇಡ, ನೆಲದ ಮೇಲೆ. ಹುಕ್ಕೆಲ್ಲ ಬಿಚ್ಚಿ, ಒಳಮೈ ಮೇಲೆ ಮಾಡಿ ಹರಡಬೇಕು. ಕಂಕುಳಿಂದ ಒಂದು ಇಂಚು ಕೆಳಗೆ, ಈ ಕಡೆಯ ಹುಕ್ಕಿನ ಗೆರೆಯಿಂದ ಆ ಕಡೆಯ ಲೂಪಿನ ಗೆರೆವರೆಗೆ ಟೇಪ್ ಹಿಡಿಯಬೇಕು, ಎಳೆಯದೆ. ಪಟ್ಟಿಯ ತುದಿವರೆಗೆ ಅಲ್ಲ! ಲೂಪ್ ಇರುವ ಪಟ್ಟಿ ಒಳಗಡೆ ಮುಕ್ಕಾಲು ಇಂಚಾದರೂ ಮುಂದಕ್ಕೆ ಇರುತ್ತದೆ. ಅದನ್ನೂ ಸೇರಿಸಿ ಅಳೆದರೆ ಅಷ್ಟೂ ಲೂಸ್.

ಇದೇ ಥರ ಕೆಳಗಿನ ಪಟ್ಟಿಯ ಸುತ್ತು, ಭುಜದಿಂದ ಭುಜ, ತೋಳಿನ ಉದ್ದ ಮತ್ತು ಬಾಯಿ, ಕಂಕುಳಿನ ಸುತ್ತು, ಹಿಂದೆ ಮುಂದೆ ಕುತ್ತಿಗೆಯ ಆಳ. ಎಲ್ಲರೂ ಮರೆಯುವ ಅಳತೆ ಒಂದಿದೆ: ಭುಜದ ಹೊಲಿಗೆಯಿಂದ ಟಕ್ಸ್ ತುದಿವರೆಗೆ ಎಷ್ಟು. ಇದು ಅರ್ಧ ಇಂಚು ತಪ್ಪಿದರೂ ಹಾಕಿಕೊಂಡ ತಕ್ಷಣ ಕಾಣುತ್ತದೆ. ಎದೆಯ ಮೇಲೋ ಕೆಳಗೋ ಬಟ್ಟೆ ಚೂಪಾಗಿ ನಿಲ್ಲುತ್ತದೆ.

ಇನ್ನೊಂದು ಮಾತು. ಅಂಕಿ ಮಾತ್ರ ತಗೊಳ್ಳಬೇಡಿ, ಬ್ಲೌಸ್ ಮೇಲೆ ಟೇಪ್ ಇಟ್ಟ ಫೋಟೋ ತಗೊಳ್ಳಿ, ಅಂಕಿ ಕಾಣುವ ಹಾಗೆ. ಒಬ್ಬರು ನನಗೆ ‘ಎದೆ 24’ ಅಂತ ಕಳಿಸಿದ್ದರು. ಮಗುವಿನ ಬ್ಲೌಸಾ ಅಂತ ಕೇಳಿದೆ, ಬೈಸಿಕೊಂಡೆ. ಆಮೇಲೆ ಫೋಟೋ ತರಿಸಿ ನೋಡಿದರೆ 60 ಇಂಚಿನ ಟೇಪನ್ನು ಉಲ್ಟಾ ಕಡೆಯಿಂದ ಓದಿದ್ದರು, ನಿಜವಾದ ಅಳತೆ 36. ಹಾಕಿಕೊಂಡ ಫೋಟೋ ಮಾತ್ರ ಕೇಳಬೇಡಿ. ತುಂಬಾ ಜನಕ್ಕೆ ಇಷ್ಟ ಆಗಲ್ಲ, ನಮಗೂ ಅದು ಬೇಡ. ನಿಮ್ಮ ಟೇಪನ್ನೂ ಒಮ್ಮೆ ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿ. ನನ್ನ ಹಳೆ ಬಟ್ಟೆ ಟೇಪು ಅರ್ಧ ಇಂಚು ಹಿಗ್ಗಿತ್ತು. ಫೈಬರ್ ಟೇಪ್ ತಗೊಳ್ಳಿ, ಮೆಷಿನ್ನಿಗೆ ಸಾವಿರಗಟ್ಟಲೆ ಹಾಕಿ ಟೇಪಿಗೆ ಜಿಪುಣತನ ಮಾಡಬೇಡಿ.

ಈಗ ಮಾರ್ಜಿನ್. ‘ಆಲ್ಟರೇಷನ್ ಫ್ರೀ’ ಅಂತ ಬರೆಯುವ ಮೊದಲು ಒಳಗೆ ಎಷ್ಟು ಬಟ್ಟೆ ಬಿಡುತ್ತೀರಿ ಅಂತ ಬರೆಯಬೇಕು. ಯಾಕಂದರೆ ಒಳಗೆ ಬಟ್ಟೆ ಇಲ್ಲದೆ ದೊಡ್ಡದು ಮಾಡಲು ಆಗಲ್ಲ. ಬದಿಯಲ್ಲಿ ಒಂದು ಇಂಚು ಬಿಟ್ಟಿರಿ ಅಂತಿಟ್ಟುಕೊಳ್ಳಿ. ಅರ್ಧ ಇಂಚು ಒಳಗೇ ಉಳಿಯಬೇಕು, ಇಲ್ಲದಿದ್ದರೆ ರೇಷ್ಮೆ ಎಳೆ ಬಿಟ್ಟು ಹೊಲಿಗೆ ಬಾಯಿ ಬಿಡುತ್ತದೆ. ಬಿಚ್ಚಲು ಸಿಗುವುದು ಅರ್ಧ ಇಂಚು. ಮುಂದೆ ಒಂದು ಪದರ, ಹಿಂದೆ ಒಂದು ಪದರ, ಬದಿ ಎರಡು. ಒಟ್ಟು ಸಿಗುವುದು 2 ಇಂಚು. ಒಂದೂವರೆ ಬಿಟ್ಟರೆ 4 ಇಂಚು. ನಾನು ಒಂದೂವರೆ ಬಿಡುತ್ತೇನೆ.

ಆದರೆ ತೋಳಿಗೂ ಅಷ್ಟೇ ಬಿಡಬೇಕು, ಲೈನಿಂಗಿಗೂ ಅಷ್ಟೇ. ಬದಿಯನ್ನು ಕಂಕುಳಲ್ಲಿ ಬಿಚ್ಚಿದರೆ ಕಂಕುಳಿನ ಸುತ್ತೂ ದೊಡ್ಡದಾಗುತ್ತದೆ. ತೋಳಿನಲ್ಲಿ ಬಟ್ಟೆ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ತೋಳು ಕೂರಿಸಿ, ಆಮೇಲೆ ತೋಳಿನ ಬಾಯಿಂದ ಸೊಂಟದವರೆಗೆ ಬದಿಯನ್ನು ಒಂದೇ ಗೆರೆಯಲ್ಲಿ ಮುಚ್ಚಿ. ಆ ಗೆರೆಗೆ ಹೊಲಿಗೆ ಸ್ವಲ್ಪ ದೊಡ್ಡದಿಡಿ, ಬಿಚ್ಚುವಾಗ ರೇಷ್ಮೆ ಹರಿಯಲ್ಲ. ಸೂಜಿ 11 ನಂಬರ್, ನನಗೆ ಆರ್ಗನ್ ಕಂಪನಿಯದೇ ಆಗಬೇಕು. 14ರ ಸೂಜಿಯಲ್ಲಿ ಹೊಲಿದು ಬಿಚ್ಚಿದರೆ ರೇಷ್ಮೆಯಲ್ಲಿ ಸಾಲುಸಾಲು ತೂತು ಉಳಿಯುತ್ತದೆ, ಇಸ್ತ್ರಿಗೂ ಹೋಗಲ್ಲ. ಸೂಜಿ ಸಣ್ಣದಾದರೂ ಟಿಶ್ಯೂ ಬಟ್ಟೆಯಲ್ಲಿ ಗುರುತು ಉಳಿದೇ ಉಳಿಯುತ್ತದೆ. ಅದನ್ನು ಮೊದಲೇ ಹೇಳಿಬಿಡಿ.

ಎಲ್ಲ ಪೀಸಿನಲ್ಲೂ ಒಂದೂವರೆ ಇಂಚು ಬರಲ್ಲ. ಸೀರೆಯ ಜೊತೆ ಬರುವ ಪೀಸು 80 ಸೆಂಟಿಮೀಟರ್ ಇರುತ್ತದೆ. 40 ಎದೆ, ಮೊಣಕೈವರೆಗೆ ತೋಳು ಅಂದರೆ ಅಷ್ಟರಲ್ಲಿ ಪೂರ್ತಿ ಮಾರ್ಜಿನ್ ಬಿಡಲು ಹೆಣಗಬೇಕು, ಬಾರ್ಡರ್ ಕೂರಿಸಬೇಕಾದರೆ ಇನ್ನೂ ಕಷ್ಟ. ಖಣದ ಬಟ್ಟೆಯಾದರೆ ಪನ್ನವೇ ಚಿಕ್ಕದು, ಮೊದಲು ಅಳೆದು ನೋಡಿ. ಕಡಿಮೆ ಬಿದ್ದರೆ ಕತ್ತರಿ ಹಾಕುವ ಮೊದಲೇ ಫೋನ್ ಮಾಡಿ ಕೇಳಿ: ತೋಳು ಗಿಡ್ಡ ಮಾಡಲಾ, ಮಾರ್ಜಿನ್ ಕಡಿಮೆ ಬಿಡಲಾ? ಉತ್ತರವನ್ನು ಮೆಸೇಜಿನಲ್ಲಿ ತಗೊಳ್ಳಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರಲ್ಲ.

ಆಲ್ಟರೇಷನ್ ಬಗ್ಗೆ ನಾನು ಹಾಕುವ ಸಾಲು ಇದು, ಬೇಕಾದರೆ ಹಾಗೇ ತಗೊಳ್ಳಿ: “ಬದಿ ಮತ್ತು ತೋಳು ಬಿಗಿ ಅಥವಾ ಸಡಿಲ ಮಾಡುವುದು, ಹುಕ್ಕು ಬದಲಿಸುವುದು ಒಂದು ಸಲ ಉಚಿತ, ಬ್ಲೌಸ್ ಸಿಕ್ಕ 15 ದಿನದೊಳಗೆ, ಒಗೆಯುವ ಮೊದಲು. ಕುತ್ತಿಗೆ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಆಗುವುದಿಲ್ಲ. ಉದ್ದ ಕಡಿಮೆ ಮಾಡಬಹುದು, ಹೆಚ್ಚಿಸಲು ಆಗುವುದಿಲ್ಲ. ನೀವು ಕಳಿಸಿದ ಅಳತೆಗೂ ಹೊಲಿದದ್ದಕ್ಕೂ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೊರಿಯರ್ ಖರ್ಚು ನನ್ನದು. ಅಳತೆಯೇ ತಪ್ಪಿದ್ದರೆ ನಿಮ್ಮದು.” ಕೊನೆಯ ಎರಡು ವಾಕ್ಯ ಬರೆಯಲು ಮುಜುಗರ ಆಗುತ್ತದೆ, ಗೊತ್ತು. ಬರೆಯಿರಿ. ಜಗಳ ಎಲ್ಲ ಬರುವುದು ಅಲ್ಲೇ. ಈ ಗುಂಪಿನ ಹುಬ್ಬಳ್ಳಿಯ ಅಕ್ಕ ಒಬ್ಬರು ‘15 ದಿನ ಜಾಸ್ತಿ ಆಯ್ತು, 7 ಸಾಕು, ಅಷ್ಟರಲ್ಲಿ ಮೈಯೇ ಬದಲಾಗುತ್ತೆ’ ಅನ್ನುತ್ತಾರೆ. ಮೂವತ್ತು ವರ್ಷದಿಂದ ಹೊಲಿಯುವವರು, ಅವರ ಮಾತು ತೆಗೆದುಹಾಕುವ ಹಾಗಿಲ್ಲ. ಆದರೆ ಹಬ್ಬಕ್ಕೆ ಹೊಲಿಸಿದವರು ಹಬ್ಬದ ದಿನದವರೆಗೆ ಹಾಕಿ ನೋಡುವುದೇ ಇಲ್ಲ ಅನ್ನುವುದು ನನ್ನ ಅನುಭವ. ನೀವೇ ಯೋಚಿಸಿ.

5 ದಿನ ಅನ್ನುವುದು ಯಾವ ದಿನದಿಂದ? ಗಿರಾಕಿ ದುಡ್ಡು ಹಾಕಿದ ದಿನದಿಂದ ಎಣಿಸುತ್ತಾರೆ, ನಿಮಗೆ ಬಟ್ಟೆ ಸಿಗುವುದೇ ನಾಲ್ಕನೇ ದಿನ. ‘ಬಟ್ಟೆ ಕೈಸೇರಿ, ಅಳತೆ ಇಬ್ಬರೂ ಒಪ್ಪಿದ ಮೇಲೆ 10 ದಿನ, ಕೊರಿಯರ್ ಬೇರೆ’ ಅಂತ ಹಾಕಿ. ಒಂದು ದಿನ ಲೈನಿಂಗಿಗೇ ಹೋಗುತ್ತದೆ. ಹತ್ತಿ ಲೈನಿಂಗನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಸುಕ್ಕಾಗಿ ನಿಲ್ಲುತ್ತದೆ. ಅಂಗಡಿಯವರು ‘ಶ್ರಿಂಕ್ ಆಗಲ್ಲ ಮೇಡಂ’ ಅಂದರೂ ನೆನೆಸಿ. ಹುಕ್ಕು, ಹೆಮ್ಮಿಂಗ್ ಕೈಕೆಲಸ, ಅದಕ್ಕೆ ಇನ್ನೊಂದು ದಿನ. ಆರಿ ವರ್ಕ್ ಇದ್ದರೆ ಅದು ಬೇರೆಯೇ ಲೆಕ್ಕ, ವರ್ಕ್ ಮಾಡುವವರು ಹೇಳಿದ ದಿನಕ್ಕೆ ಒಂದು ವಾರ ಸೇರಿಸಿ ಹೇಳಿ. ವರಮಹಾಲಕ್ಷ್ಮಿ ಹಬ್ಬಕ್ಕೆ 20 ದಿನ ಮುಂಚೆ ನಾನು ಆರ್ಡರ್ ನಿಲ್ಲಿಸುತ್ತೇನೆ. ಆಗ ಬರುವ ‘ಒಂದೇ ಒಂದು, ಪ್ಲೀಸ್’ ಆರ್ಡರುಗಳಲ್ಲೇ ತಪ್ಪು ಜಾಸ್ತಿ.

ಹೊಸ ಗಿರಾಕಿ ಮೂರು ನಾಲ್ಕು ಪೀಸ್ ಕಳಿಸಿದರೆ ಎಲ್ಲವನ್ನೂ ಒಟ್ಟಿಗೆ ಕತ್ತರಿಸಲೇಬೇಡಿ. ಕಡಿಮೆ ಬೆಲೆಯದನ್ನು ಮೊದಲು ಹೊಲಿದು ಕಳಿಸಿ. ಅವರು ಹಾಕಿ ನೋಡಿ ಸರಿ ಅಂದ ಮೇಲೆ ಉಳಿದವಕ್ಕೆ ಕತ್ತರಿ. ಎರಡು ಸಲ ಕೊರಿಯರ್ ಯಾಕೆ ಅಂತ ಗೊಣಗುತ್ತಾರೆ, ಗೊಣಗಲಿ. ಆ ಪುಣೆಯವರಿಗೆ ಹೀಗೆ ಮಾಡಿದ್ದರೆ ಕೆಡುತ್ತಿದ್ದದ್ದು ಒಂದೇ. ಅಂದ ಹಾಗೆ ಅವರು ಈಗಲೂ ನನ್ನ ಹತ್ತಿರವೇ ಹೊಲಿಸುತ್ತಾರೆ, ಅವರ ಅಳತೆ ಬ್ಲೌಸ್ ನನ್ನ ಕಪಾಟಿನಲ್ಲೇ ಇದೆ.

ಮಧ್ಯದಲ್ಲಿ ಒಬ್ಬರು ಫಾಲ್ ಒಗೆದ ಮೇಲೆ ಕುಗ್ಗಿತು ಅಂತ ಕೇಳಿದ್ದಾರೆ. ಅದು ಬ್ಲೌಸಿನ ಪ್ರಶ್ನೆ ಅಲ್ಲ, ಆದರೂ ಹೇಳುತ್ತೇನೆ: ಫಾಲನ್ನೂ ಲೈನಿಂಗಿನ ಹಾಗೇ ಹಿಂದಿನ ರಾತ್ರಿ ನೆನೆಸಿಡಿ. ಬಣ್ಣ ಬಿಡುತ್ತದಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಕೆಂಪು, ಮರೂನ್ ಆದರೆ ಬೇರೆ ಬಕೆಟ್ಟಿನಲ್ಲಿ.